ಮೇಲಧಿಕಾರಿಗೆ ಪತ್ರ: ‘ತಾವು’ ಎಲ್ಲಿ, ‘ಕೋರಿದೆ’ ಎಲ್ಲಿ, ‘ತಕ್ಕದ್ದು’ ಎಲ್ಲಿ

ಕಳೆದ ಮಳೆಗಾಲದಲ್ಲಿ ಪರಿಚಯದ ಮುಖ್ಯೋಪಾಧ್ಯಾಯರೊಬ್ಬರು ಕರಡೊಂದನ್ನು ಹಿಡಿದು ಮನೆಗೆ ಬಂದರು. ಅವರದು ಸರ್ಕಾರಿ ಪ್ರೌಢಶಾಲೆ, ಎರಡು ಕೊಠಡಿಗಳ ಚಾವಣಿ ಸೋರುತ್ತಿದೆ. ದುರಸ್ತಿ ಅನುದಾನಕ್ಕಾಗಿ ಜಿಲ್ಲೆಯ ಉಪನಿರ್ದೇಶಕರಿಗೆ ಬರೆದ ಪತ್ರಕ್ಕೆ ಎರಡು ತಿಂಗಳಾದರೂ ಉತ್ತರವಿಲ್ಲ. ಈಗ ನೆನಪೋಲೆ ಕಳಿಸಬೇಕು. ಕರಡಿನ ನಡುಭಾಗ ಹೀಗಿತ್ತು:

> ಪರಮಪೂಜ್ಯ ಸನ್ಮಾನ್ಯ ಉಪನಿರ್ದೇಶಕರುಗಳ ದಿವ್ಯ ಸನ್ನಿಧಾನಕ್ಕೆ ಅನಂತ ನಮಸ್ಕಾರಗಳು. ತಾವುಗಳು ನಮ್ಮ ಪತ್ರಕ್ಕೆ ಇದುವರೆಗೂ ಉತ್ತರ ನೀಡಿರುವುದಿಲ್ಲ. ಸಹಶಿಕ್ಷಕರು ತಮ್ಮ ಕಚೇರಿಯಲ್ಲಿ ದಾಖಲೆಗಳನ್ನು ಕೊಟ್ಟಿರುತ್ತಾರೆ. ಆದ್ದರಿಂದ 15 ದಿನಗಳೊಳಗಾಗಿ ಅನುದಾನ ಬಿಡುಗಡೆ ಮಾಡತಕ್ಕದ್ದು. ದಿನಾಂಕ 20ರ ಎಸ್‌ಡಿಎಂಸಿ ಸಭೆಗೆ ತಪ್ಪದೇ ಹಾಜರಾಗಲು ತಿಳಿಸಲಾಗಿದೆ.

ಮೊದಲ ಸಾಲಿನಲ್ಲಿ ಅಡ್ಡಬಿದ್ದಿದ್ದಾರೆ, ಕೊನೆಯ ಎರಡು ಸಾಲುಗಳಲ್ಲಿ ಮೇಲಧಿಕಾರಿಗೇ ಆದೇಶ ಹೊರಡಿಸಿದ್ದಾರೆ. ಅವರಿಗೆ ಎರಡೂ ಗೊತ್ತಾಗಿರಲಿಲ್ಲ. ಶಾಲೆಗೆ ಬರುವ ಸುತ್ತೋಲೆಗಳನ್ನು ಓದಿ ಓದಿ ಸರ್ಕಾರಿ ಭಾಷೆ ಎಂದರೆ ಅದೇ ಎಂದುಕೊಂಡಿದ್ದರು. ಸುತ್ತೋಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಬರಹ, ಅದರ ಕ್ರಿಯಾಪದಗಳೂ ಹಾಗೆಯೇ ಇಳಿಯುತ್ತವೆ. ಕೆಳಗಿನಿಂದ ಮೇಲಕ್ಕೆ ಬರೆಯುವಾಗ ಅದೇ ಪದಗಳನ್ನು ಎತ್ತಿಕೊಂಡರೆ, ಹಿಂದೆ ಎಷ್ಟೇ ‘ಸನ್ಮಾನ್ಯ’ ಇದ್ದರೂ ಪತ್ರ ಗದರಿಸಿದಂತೆ ಕೇಳುತ್ತದೆ. ಬಹಳ ವರ್ಷ ಕಚೇರಿಯಲ್ಲಿ ಅಧೀಕ್ಷಕನಾಗಿ ಕರಡು ತಿದ್ದಿದವನಾಗಿ ಹೇಳುತ್ತೇನೆ: ಗೌರವ ತಪ್ಪುವುದು ನೂರಕ್ಕೆ ತೊಂಬತ್ತು ಸಲ ವಾಕ್ಯದ ಕೊನೆಯಲ್ಲಿ. ಈ ಕರಡನ್ನೇ ಇಟ್ಟುಕೊಂಡು ಹಂತ ಹಂತವಾಗಿ ತಿದ್ದೋಣ.

1. ವಿಳಾಸ ಮತ್ತು ಸಂಬೋಧನೆ

ಗೌರವಸೂಚಕ ಒಂದು ಸಲ, ಒಂದೇ ಪದದಲ್ಲಿ. ಇಲಾಖೆಯ ಅಧಿಕಾರಿಗೆ ಹುದ್ದೆಯ ಬಹುವಚನ ರೂಪವೇ ಸಾಕು: ‘ಉಪನಿರ್ದೇಶಕರು’, ‘ಆಯುಕ್ತರು’, ‘ತಹಶೀಲ್ದಾರರು’. ಬೇಕಾದರೆ ಮುಂದೆ ‘ಮಾನ್ಯ’ ಸೇರಿಸಬಹುದು. ‘ಸನ್ಮಾನ್ಯ’ವನ್ನು ಮಂತ್ರಿ, ಮುಖ್ಯಮಂತ್ರಿಗಳಿಗೆ, ‘ಘನ’ವನ್ನು ನ್ಯಾಯಾಲಯಕ್ಕೆ, ‘ಘನತೆವೆತ್ತ’ವನ್ನು ರಾಜ್ಯಪಾಲರಿಗೆ ಬಳಸುವುದು ನಮ್ಮಲ್ಲಿ ನಡೆದು ಬಂದ ರೂಢಿ. ಅವನ್ನು ಉಪನಿರ್ದೇಶಕರಿಗೆ ತೊಡಿಸಿದರೆ ಅಳತೆ ತಪ್ಪಿದ ಅಂಗಿಯಂತಾಗುತ್ತದೆ. ‘ಪರಮಪೂಜ್ಯ’, ‘ದಿವ್ಯ ಸನ್ನಿಧಾನ’ ಮಠಕ್ಕೆ ಬರೆಯುವ ಪತ್ರಕ್ಕಿರಲಿ.

ಇಲ್ಲಿ ಸಣ್ಣದೊಂದು ವ್ಯಾಕರಣವಿದೆ. ‘ನಿರ್ದೇಶಕ’ಕ್ಕೆ ‘-ರು’ ಹತ್ತಿದಾಗಲೇ ಗೌರವ ಬಂದಾಯಿತು. ಅದರ ಮೇಲೆ ‘-ಗಳು’ ಸೇರಿಸಿ ‘ನಿರ್ದೇಶಕರುಗಳು’ ಎಂದರೆ ಹಲವರು ನಿರ್ದೇಶಕರು ಎಂದು ಓದುವವರೇ ಹೆಚ್ಚು. ‘ಅಧಿಕಾರಿ’, ‘ಕಾರ್ಯದರ್ಶಿ’ಯಂತಹ ಇಕಾರಾಂತ ಪದಗಳ ಕಥೆ ಬೇರೆ. ಅವುಗಳ ಗೌರವ ರೂಪವೂ ನಿಜವಾದ ಬಹುವಚನವೂ ಒಂದೇ: ‘ಜಿಲ್ಲಾಧಿಕಾರಿಗಳು’. ವಿಳಾಸದಲ್ಲಿ ಜಿಲ್ಲೆಯ ಹೆಸರಿರುವುದರಿಂದ ಗೊಂದಲವಿಲ್ಲ. ಆದರೆ ಪತ್ರದ ಒಳಗೆ ‘ಜಿಲ್ಲಾಧಿಕಾರಿಗಳು ಸಭೆಯಲ್ಲಿ ತಿಳಿಸಿದಂತೆ’ ಎಂದರೆ ಒಬ್ಬರೋ, ನಾಲ್ಕು ಜಿಲ್ಲೆಯವರೋ? ಒಬ್ಬರೇ ಎಂಬುದು ಮುಖ್ಯವಾದಾಗ ‘ಜಿಲ್ಲಾಧಿಕಾರಿಯವರು’ ಎಂದು ಬರೆಯಿರಿ. ಗೌರವವೂ ಉಳಿಯುತ್ತದೆ, ಲೆಕ್ಕವೂ ಸರಿಯಾಗುತ್ತದೆ.

ಸಂಬೋಧನೆಗೆ ‘ಮಾನ್ಯರೇ’. ಗಂಡಸಾಗಲಿ ಹೆಂಗಸಾಗಲಿ ಇದೇ ನಡೆಯುತ್ತದೆ, ಯಾರು ಅಧಿಕಾರದಲ್ಲಿದ್ದಾರೆಂದು ವಿಚಾರಿಸುವ ಗೋಜಿಲ್ಲ. ಹುದ್ದೆಯ ವಿಷಯದಲ್ಲೂ ಅಷ್ಟೇ: ‘ನಿರ್ದೇಶಕಿ’, ‘ಅಧ್ಯಕ್ಷೆ’ ಎಂದು ಹುಡುಕಬೇಕಿಲ್ಲ, ‘-ರು’ ಲಿಂಗಭೇದ ನೋಡುವುದಿಲ್ಲ.

ನಮ್ಮ ಹೆಸರಿಗೆ ನಾವೇ ‘ಶ್ರೀ’ ಹಚ್ಚಬಾರದೆಂಬುದು ಎಲ್ಲರಿಗೂ ಗೊತ್ತು. ಸಹಿಯ ಕೆಳಗಿನ ಹುದ್ದೆಗೆ ಮಾತ್ರ ‘ಮುಖ್ಯೋಪಾಧ್ಯಾಯರು’ ಎಂದು ಬರೆದುಬಿಡುತ್ತಾರೆ. ಸರ್ಕಾರಿ ಆದೇಶಗಳ ತುದಿ ನೋಡಿ: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಾದ ಮೇಲೆ ಸಹಿ, ಅದರಡಿ ‘ಸರ್ಕಾರದ ಅಧೀನ ಕಾರ್ಯದರ್ಶಿ’ ಎಂದು ಏಕವಚನ ಇರುತ್ತದೆ. ರಾಜ್ಯಪಾಲರ ಹೆಸರಿನಲ್ಲಿ ಸಹಿ ಮಾಡುವವರೇ ತಮಗೆ ಬಹುವಚನ ಹಾಕಿಕೊಳ್ಳದಿರುವಾಗ ಶಾಲೆಯ ಪತ್ರದಲ್ಲೂ ‘ಮುಖ್ಯೋಪಾಧ್ಯಾಯ’ ಅಥವಾ ‘ಮುಖ್ಯೋಪಾಧ್ಯಾಯಿನಿ’ ಸಾಕು. ರಬ್ಬರ್ ಮೊಹರಿನಲ್ಲಿ ಬಹುವಚನ ಕೊರೆದುಬಿಟ್ಟಿದ್ದರೆ ಅದಕ್ಕಾಗಿ ಹೊಸ ಮೊಹರು ಮಾಡಿಸಬೇಕಾಗಿಲ್ಲ, ಬಿಡಿ.

2. ‘ತಾವು’: ಬಳಸಿ, ಆದರೆ ಎಣಿಸಿ ಬಳಸಿ

ಮೇಲಧಿಕಾರಿಗೆ ‘ನೀವು’ ತಪ್ಪಲ್ಲ, ಆದರೆ ಕಚೇರಿ ಪತ್ರದಲ್ಲಿ ಅದು ಸಮಾನರ ಅಥವಾ ಕೆಳಗಿನವರ ಪದವಾಗಿ ನಿಂತಿದೆ. ಮೇಲಕ್ಕೆ ‘ತಾವು’, ‘ತಮ್ಮ’, ‘ತಮಗೆ’. ‘ತಾವುಗಳು’ ಬೇಡ, ‘ತಾವು’ ಆಗಲೇ ಬಹುವಚನ.

‘ತಾವು’ ಕರ್ತೃವಾದರೆ ಕ್ರಿಯಾಪದ ‘ನೀವು’ ಪಡೆಯುವ ಅಂತ್ಯವನ್ನೇ ಪಡೆಯುತ್ತದೆ: ‘ತಾವು ಸೂಚಿಸಿದ್ದೀರಿ’, ‘ತಾವು ಭೇಟಿ ನೀಡಿದಿರಿ’. ಕರಡುಗಳಲ್ಲಿ ನಾನು ಅತಿ ಹೆಚ್ಚು ತಿದ್ದಿದ್ದು ಇದನ್ನೇ. ‘ತಾವು ದಿನಾಂಕ 5ರಂದು ಶಾಲೆಗೆ ಭೇಟಿ ನೀಡಿದ್ದು, ಕೊಠಡಿಗಳನ್ನು ಪರಿಶೀಲಿಸಿ, ಅಂದಾಜು ಪಟ್ಟಿ ಸಲ್ಲಿಸಲು ಸೂಚಿಸಿರುತ್ತಾರೆ’ ಎಂದು ಬರೆಯುತ್ತಾರೆ. ಹೊರಟದ್ದು ‘ತಾವು’ ಎಂದು, ಮುಟ್ಟಿದ್ದು ‘ಅವರು’ ಎಂಬಲ್ಲಿ. ವಾಕ್ಯ ಉದ್ದವಾದಷ್ಟೂ ಈ ಜಾರು ಹೆಚ್ಚು, ಏಕೆಂದರೆ ‘-ದ್ದು’ ಎಂಬ ಕೊಂಡಿ ಕರ್ತೃ ಯಾರೆಂಬುದನ್ನು ಮರೆಸಿಬಿಡುತ್ತದೆ. ಪತ್ತೆಹಚ್ಚಲು ಸುಲಭ ಉಪಾಯ: ನಡುವಿನದನ್ನೆಲ್ಲ ಬೆರಳಲ್ಲಿ ಮುಚ್ಚಿ ಮೊದಲ ಪದ, ಕೊನೆಯ ಪದ ಎರಡನ್ನೇ ಓದಿ. ‘ತಾವು… ಸೂಚಿಸಿರುತ್ತಾರೆ’ ಕಿವಿಗೆ ಚುಚ್ಚುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ತಾವು’ ಮೂಲದಲ್ಲಿ ‘ತಾನು’ ಎಂಬುದರ ಬಹುವಚನ, ವಾಕ್ಯದ ಕರ್ತೃವಿನತ್ತ ತಿರುಗಿ ತೋರಿಸುವ ಪದ. ‘ಅವರು ತಮ್ಮ ಮನೆಗೆ ಹೋದರು’ ಎಂದರೆ ಅವರದೇ ಮನೆ. ಈಗ ಮುಖ್ಯೋಪಾಧ್ಯಾಯರ ಸಾಲು ಓದಿ: ‘ಸಹಶಿಕ್ಷಕರು ತಮ್ಮ ಕಚೇರಿಯಲ್ಲಿ ದಾಖಲೆಗಳನ್ನು ಕೊಟ್ಟಿರುತ್ತಾರೆ’. ಯಾರ ಕಚೇರಿ? ಅವರ ಮನಸ್ಸಿನಲ್ಲಿದ್ದದ್ದು ಉಪನಿರ್ದೇಶಕರ ಕಚೇರಿ, ಓದುವವನಿಗೆ ಶಾಲೆಯ ಕಚೇರಿಯೂ ಆಗಬಹುದು. ದಾಖಲೆ ತಲುಪಿದೆಯೋ ಇಲ್ಲವೋ ಎಂಬ ತಕರಾರು ಬಂದಾಗ ಈ ಒಂದು ‘ತಮ್ಮ’ ಕಡತವನ್ನು ತಿಂಗಳುಗಟ್ಟಲೆ ಅಲೆಸಬಲ್ಲದು. ವಾಕ್ಯದಲ್ಲಿ ಮೂರನೆಯ ವ್ಯಕ್ತಿ ಕರ್ತೃವಾಗಿದ್ದರೆ ‘ತಮ್ಮ’ ಬಿಟ್ಟು ಹುದ್ದೆಯನ್ನೇ ಬರೆಯಿರಿ: ‘ಶಾಲೆಯ ಸಹಶಿಕ್ಷಕರು ದಾಖಲೆಗಳನ್ನು ಉಪನಿರ್ದೇಶಕರ ಕಚೇರಿಗೆ ದಿನಾಂಕ 12ರಂದು ಸಲ್ಲಿಸಿದ್ದಾರೆ’. ಕರ್ತೃ ನಾನೇ ಆಗಿದ್ದರೆ ತೊಂದರೆಯಿಲ್ಲ. ‘ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ’ ಎಂದರೆ ಅರ್ಥ ಒಂದೇ.

3. ಧಾತು ಆರಿಸುವುದು

ಕಚೇರಿ ಕನ್ನಡದಲ್ಲಿ ಒಂದೇ ಕೆಲಸಕ್ಕೆ ಮೇಲಿನವರ ಕ್ರಿಯಾಪದ ಬೇರೆ, ಕೆಳಗಿನವರದು ಬೇರೆ. ಕಾಗದ ಮೇಲಕ್ಕೆ ಹೋಗುವಾಗ ಅದನ್ನು ‘ಸಲ್ಲಿಸುತ್ತೇವೆ’, ಪಕ್ಕಕ್ಕೆ ಅಥವಾ ಕೆಳಕ್ಕೆ ಹೋಗುವಾಗ ‘ಕಳುಹಿಸುತ್ತೇವೆ’. ಮೇಲಿನವರು ಅನುಮತಿ ‘ನೀಡುತ್ತಾರೆ’, ಅನುದಾನ ‘ಮಂಜೂರು ಮಾಡುತ್ತಾರೆ’. ವಿಷಯವೊಂದನ್ನು ಅವರಿಗೆ ಹೇಳಬೇಕಾದರೆ ‘ಅವಗಾಹನೆಗೆ ತರುತ್ತೇವೆ’, ಕೆಳಗಿನ ಕಚೇರಿಗೆ ‘ಮಾಹಿತಿಗಾಗಿ’ ಕಳಿಸುತ್ತೇವೆ. ಸಭೆಗೆ ನೌಕರ ‘ಹಾಜರಾಗುತ್ತಾನೆ’, ಮೇಲಧಿಕಾರಿ ‘ಆಗಮಿಸುತ್ತಾರೆ’, ‘ಭಾಗವಹಿಸುತ್ತಾರೆ’. ‘ಹಾಜರಿ’ ಎಂಬುದರ ಬೆನ್ನಿಗೆ ಹಾಜರಿ ಪುಸ್ತಕದ ನೆನಪಿದೆ, ಗೈರುಹಾಜರಿಯ ಭಯವಿದೆ. ಹಾಗಾಗಿ ‘ತಪ್ಪದೇ ಹಾಜರಾಗಲು’ ಎಂದು ಉಪನಿರ್ದೇಶಕರಿಗೆ ಬರೆದದ್ದು ಕರಡಿನಲ್ಲಿದ್ದ ಅತ್ಯಂತ ಕೆಟ್ಟ ಸಾಲು.

ಅದಕ್ಕಿಂತಲೂ ಎಚ್ಚರ ಬೇಕಾದದ್ದು ಕೇಳುವ ಕ್ರಿಯಾಪದದಲ್ಲಿ. ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಹೀಗಿದೆ. ‘ಆದೇಶಿಸಿದೆ’ ಸರ್ಕಾರದ ಅಥವಾ ಸಕ್ಷಮ ಪ್ರಾಧಿಕಾರದ ಮಾತು. ‘ಸೂಚಿಸಿದೆ’ ಮೇಲಿನ ಕಚೇರಿಯದು. ‘ತಿಳಿಸಲಾಗಿದೆ’ ಮೆದುವಾಗಿ ಕಂಡರೂ ಅದಕ್ಕೆ ಹಿಂದೆ ‘ಮಾಡಲು’ ಸೇರಿದೊಡನೆ ಸೂಚನೆಯೇ ಆಗುತ್ತದೆ. ‘ಹಾಜರಾಗಲು ತಿಳಿಸಲಾಗಿದೆ’ ಎಂದರೆ ಬಾ ಎಂದರ್ಥ. ‘ಕೋರಿದೆ’ ಎಲ್ಲ ದಿಕ್ಕಿಗೂ ಹೊಂದುವ, ತಲೆ ಎತ್ತಿ ನಿಂತು ಕೇಳುವ ಪದ. ‘ವಿನಂತಿಸಿದೆ’ ತುಸು ಬಾಗಿದ್ದು. ‘ಪ್ರಾರ್ಥಿಸುತ್ತೇನೆ’ಯನ್ನು ನ್ಯಾಯಾಲಯದ ಅರ್ಜಿಗೆ, ದೇವರಿಗೆ ಬಿಡಿ. ಶಾಲೆಯ ಚಾವಣಿಗೆ ಪ್ರಾರ್ಥನೆ ಬೇಕಿಲ್ಲ, ಅದು ಶಾಲೆಗೆ ಸಲ್ಲಬೇಕಾದದ್ದು. ನನ್ನ ಒಲವು ಯಾವಾಗಲೂ ‘ಕೋರಿದೆ’ಯತ್ತ, ವೈಯಕ್ತಿಕ ಅನುಕೂಲ ಕೇಳುವಾಗ ಮಾತ್ರ ‘ವಿನಂತಿಸುತ್ತೇನೆ’.

‘ತಕ್ಕದ್ದು’ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಕಾಯ್ದೆ, ನಿಯಮ, ಷರತ್ತುಗಳ ಅಂತ್ಯ: ‘ಅರ್ಜಿದಾರನು ಶುಲ್ಕ ಪಾವತಿಸತಕ್ಕದ್ದು’. ಅಲ್ಲಿ ಮಾತನಾಡುವುದು ಕಾನೂನು, ಕೇಳಿಸಿಕೊಳ್ಳುವವರಿಗೆ ಬೇರೆ ದಾರಿಯಿಲ್ಲ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಟೆಂಡರ್ ಷರತ್ತಿನ ಹಾಳೆಯಿಂದ ನಕಲು ಮಾಡಿ, ಮೇಲಿನ ಕಚೇರಿಗೆ ‘ಒಂದು ವಾರದೊಳಗೆ ಸ್ಪಷ್ಟೀಕರಣ ನೀಡತಕ್ಕದ್ದು’ ಎಂಬ ಕರಡು ಇಟ್ಟಿದ್ದೆ. ನಮ್ಮ ಅಧಿಕಾರಿಗಳು ಕೂಗಾಡಲಿಲ್ಲ. ಆ ಪದದ ಸುತ್ತ ಕೆಂಪು ಮಸಿಯಲ್ಲಿ ವೃತ್ತ ಹಾಕಿ ಅಂಚಿನಲ್ಲಿ ‘ಯಾರು ಯಾರಿಗೆ?’ ಎಂದು ಬರೆದು ಕಡತ ಹಿಂದಿರುಗಿಸಿದರು. ಆಮೇಲೆ ಅದೇ ಪ್ರಶ್ನೆಯನ್ನು ನಾನು ಎಷ್ಟೋ ಕರಡುಗಳ ಅಂಚಿನಲ್ಲಿ ಬರೆದಿದ್ದೇನೆ.

4. ಅಂತ್ಯ ಆರಿಸುವುದು: -ತ್ತೇನೆ, -ದೆ, -ಲಾಗಿದೆ

ಧಾತು ‘ಕೋರು’ ಎಂದು ಗೊತ್ತಾಯಿತು. ಈಗ ‘ಕೋರುತ್ತೇನೆ’ಯೇ, ‘ಕೋರಿದೆ’ಯೇ, ‘ಕೋರಲಾಗಿದೆ’ಯೇ?

ನಿಮ್ಮದೇ ವಿಷಯವಾದರೆ ‘-ತ್ತೇನೆ’. ರಜೆ, ವರ್ಗಾವಣೆ, ಮುಂಗಡ, ನೋಟಿಸಿಗೆ ಸಮಜಾಯಿಷಿ, ಇವೆಲ್ಲದರ ಹೊಣೆ ನಿಮ್ಮದು, ಕರ್ತೃವೂ ನೀವೇ ಆಗಬೇಕು. ‘ಮೂರು ದಿನ ಗಳಿಕೆ ರಜೆ ಕೋರಲಾಗಿದೆ’ ಎಂದು ಬರೆದವರನ್ನು ಕಂಡಿದ್ದೇನೆ. ಕೋರಿದವರು ಯಾರೋ, ರಜೆ ಯಾರಿಗೋ! ಸಮಜಾಯಿಷಿಯಲ್ಲಂತೂ ‘ದಾಖಲೆಯನ್ನು ನೀಡಲಾಗಿದೆ’ ಎಂದರೆ ನುಣುಚಿಕೊಂಡಂತೆ ಕಾಣುತ್ತದೆ. ‘ದಾಖಲೆಯನ್ನು ನಾನು ದಿನಾಂಕ 12ರಂದು ಸಲ್ಲಿಸಿದ್ದೇನೆ’ ಎನ್ನಿ.

ಕಚೇರಿಯ ಪರವಾಗಿ ಬರೆಯುವಾಗ ‘ಕೋರಿದೆ’, ‘ಲಗತ್ತಿಸಿದೆ’, ‘ಸಲ್ಲಿಸಿದೆ’. ಇಲ್ಲಿ ಕರ್ತೃ ಕಾಣುವುದಿಲ್ಲ, ಕಚೇರಿಯೇ ಮಾತನಾಡುತ್ತದೆ. ‘-ಲಾಗಿದೆ’ಯೂ ಅದೇ ಕೆಲಸ ಮಾಡುತ್ತದೆ, ಆದರೆ ಪ್ರತಿ ವಾಕ್ಯವೂ ‘-ಲಾಗಿದೆ, -ಲಾಗಿದೆ’ ಎಂದು ಮುಗಿದರೆ ಓದುವಾಗ ರೈಲು ಹಳಿಯ ಸದ್ದು. ಪತ್ರದಲ್ಲಿ ಒಂದೆರಡು ಕಡೆ ಇರಲಿ. ತಮ್ಮನ್ನು ‘ನಾವು’ ಎಂದುಕೊಂಡು ‘ಕೋರುತ್ತೇವೆ’ ಎನ್ನುವುದು ಸಂಘದವರ, ಗ್ರಾಮಸ್ಥರ ಮನವಿಗೆ ಸರಿ. ಒಬ್ಬ ಅಧಿಕಾರಿ ಬರೆಯುವಾಗ ಅದು ದೊರೆತನದಂತೆ ಕೇಳುತ್ತದೆ.

‘-ಇರುತ್ತದೆ’ ಎಂಬ ಬಾಲ ಹೆಚ್ಚು ಗೌರವದ್ದು ಎಂಬ ನಂಬಿಕೆ ಕಚೇರಿಗಳಲ್ಲಿ ಬೇರುಬಿಟ್ಟಿದೆ: ‘ಸಲ್ಲಿಸಲಾಗಿರುತ್ತದೆ’, ‘ಬಂದಿರುತ್ತಾರೆ’, ‘ಆಗಿರುತ್ತದೆ’. ನಾವು ಮನೆಯಲ್ಲಿ ‘ಅವರು ಇಷ್ಟೊತ್ತಿಗೆ ಊಟ ಮಾಡಿರುತ್ತಾರೆ’ ಎನ್ನುವುದು ಯಾವಾಗ? ನೋಡದೆ ಊಹಿಸುವಾಗ. ‘ಮಳೆ ಬಂದಾಗಲೆಲ್ಲ ಸೋರುತ್ತಿರುತ್ತದೆ’ ಎನ್ನುವುದು ಪದೇ ಪದೇ ಆಗುವುದಕ್ಕೆ. ಆದ್ದರಿಂದ ‘ದಾಖಲೆ ಸಲ್ಲಿಸಿರುತ್ತಾರೆ’ ಎಂಬುದಕ್ಕೆ ‘ಸಲ್ಲಿಸಿರಬಹುದು’ ಎಂಬ ಛಾಯೆ ಅಂಟಿಕೊಳ್ಳುತ್ತದೆ. ಕಚೇರಿಗಳ ಕಿವಿ ಇದಕ್ಕೆ ಒಗ್ಗಿಹೋಗಿರುವುದರಿಂದ ಯಾರೂ ತಪ್ಪು ಎಣಿಸುವುದಿಲ್ಲ, ನಿಮ್ಮ ಮೇಲಧಿಕಾರಿಗೆ ಅದೇ ಇಷ್ಟವಾದರೆ ಜಗಳವಾಡಬೇಡಿ. ದಿನಾಂಕ, ಹಣ, ದಾಖಲೆ ಇರುವ ವಾಕ್ಯದಲ್ಲಿ ಮಾತ್ರ ‘ಸಲ್ಲಿಸಿದ್ದಾರೆ’, ‘ಸಲ್ಲಿಸಿದೆ’ ಎಂದು ಗಟ್ಟಿಯಾಗಿ ಬರೆಯಿರಿ.

ಒಂದು ಸಿದ್ಧ ವಾಕ್ಯದ ಬಗ್ಗೆಯೂ ಎಚ್ಚರಿಕೆ. ‘ಈ ಕೆಳಗಿನಂತೆ ತಿಳಿಸಲು ನಿರ್ದೇಶಿತನಾಗಿದ್ದೇನೆ’ ಎಂಬುದನ್ನು ಹಳೆಯ ಕಡತದಿಂದ ಎತ್ತಿ ಅಂಟಿಸುವಾಗ, ಸಹಿ ಮಾಡುವವರು ಮಹಿಳೆಯಾಗಿದ್ದರೆ ಅದು ‘ನಿರ್ದೇಶಿತಳಾಗಿದ್ದೇನೆ’ ಆಗಬೇಕು. ‘ವಿನಮ್ರನಾಗಿ’ ಎಂಬುದೂ ಹೀಗೆಯೇ ಸಿಕ್ಕಿಬೀಳಿಸುತ್ತದೆ. ‘ವಿನಮ್ರವಾಗಿ’ ಎಂದರೆ ಯಾರು ಸಹಿ ಮಾಡಿದರೂ ಸರಿ.

5. ದೂಷಿಸದೆ ನೆನಪಿಸುವುದು

ನೆನಪೋಲೆಯ ಕಷ್ಟವೇ ಇದು. ಉತ್ತರ ಬಂದಿಲ್ಲ ಎಂಬುದನ್ನು ಹೇಳಲೇಬೇಕು, ಬರದಿರುವುದಕ್ಕೆ ಕಾರಣ ಯಾರೆಂಬುದನ್ನು ಹೇಳಬಾರದು. ‘ತಾವು ಉತ್ತರ ನೀಡಿಲ್ಲ’ ಎಂದಾಗ ‘ತಾವು’ ಎಂಬ ಗೌರವ ಪದವೇ ಬೆರಳಾಗಿ ಮೇಲಧಿಕಾರಿಯತ್ತ ಚಾಚುತ್ತದೆ. ‘ತಮ್ಮಿಂದ ವಿಳಂಬವಾಗಿದೆ’ ಎಂದರೆ ಇನ್ನೂ ಕೆಟ್ಟದು.

ದಾರಿ ಸರಳ. ನಕಾರದ ವಾಕ್ಯಕ್ಕೆ ಕಾಗದವನ್ನೇ ಕರ್ತೃ ಮಾಡಿ: ‘ಆದೇಶವು ಈವರೆಗೆ ಸ್ವೀಕೃತವಾಗಿಲ್ಲ’. ಬರದಿದ್ದದ್ದು ಆದೇಶ, ಅಷ್ಟೇ. ಅದು ಮೇಜಿನ ಮೇಲೆ ನಿಂತಿರಬಹುದು, ರವಾನೆಯಲ್ಲಿ ತಪ್ಪಿರಬಹುದು, ವಾಕ್ಯ ಅದರ ಬಗ್ಗೆ ಏನೂ ಹೇಳುವುದಿಲ್ಲ. ಒಳ್ಳೆಯ ಸುದ್ದಿ ಹೇಳುವಾಗ ಮಾತ್ರ ‘ತಾವು’ ಕರ್ತೃವಾಗಲಿ: ‘ತಾವು ಶಾಲೆಗೆ ಭೇಟಿ ನೀಡಿ ಸೂಚಿಸಿದಂತೆ ಅಂದಾಜು ಪಟ್ಟಿ ಸಿದ್ಧಪಡಿಸಿದೆ’.

ಗಡುವಿನ ವಿಷಯವೂ ಹೀಗೆಯೇ. ‘15 ದಿನಗಳೊಳಗಾಗಿ’ ಎಂದು ಮೇಲಕ್ಕೆ ಗಡುವು ಹಾಕುವಂತಿಲ್ಲ. ತುರ್ತು ನಿಜವಾಗಿದ್ದರೆ ಅದನ್ನು ಸಂಗತಿಯಾಗಿ ಹೇಳಿ: ಮಳೆ ಶುರುವಾಗಿದೆ, ಇಷ್ಟು ಮಕ್ಕಳು ವರಾಂಡದಲ್ಲಿ ಕೂರುತ್ತಿದ್ದಾರೆ. ಓದಿದವರಿಗೆ ಗಡುವು ತಾನೇ ಕಾಣುತ್ತದೆ. ‘ಆದಷ್ಟು ಬೇಗನೆ’ ಎಂಬುದಕ್ಕಿಂತ ‘ಶೀಘ್ರವಾಗಿ’ ಎಂಬ ಒಂದು ಪದ ಸಾಕು.

6. ತಿದ್ದಿದ ಕರಡು

ಕೊನೆಗೆ ಮುಖ್ಯೋಪಾಧ್ಯಾಯರು ಶುದ್ಧಪ್ರತಿ ಮಾಡಿಸಿದ್ದು ಹೀಗೆ. ಸಂಖ್ಯೆ, ದಿನಾಂಕ, ಊರಿನ ಹೆಸರು ಬಿಟ್ಟಿದ್ದೇನೆ.

> ಇವರಿಗೆ,
> ಉಪನಿರ್ದೇಶಕರು (ಆಡಳಿತ),
> ಶಾಲಾ ಶಿಕ್ಷಣ ಇಲಾಖೆ, … ಜಿಲ್ಲೆ.
>
> ಮುಖಾಂತರ: ಕ್ಷೇತ್ರ ಶಿಕ್ಷಣಾಧಿಕಾರಿಗಳು, … ತಾಲ್ಲೂಕು.
>
> ಮಾನ್ಯರೇ,
>
> ವಿಷಯ: ಎರಡು ಕೊಠಡಿಗಳ ಚಾವಣಿ ದುರಸ್ತಿಗೆ ಅನುದಾನ ಕೋರಿ – ನೆನಪೋಲೆ 1.
> ಉಲ್ಲೇಖ: ಈ ಶಾಲೆಯ ಸಮಸಂಖ್ಯೆ ಪತ್ರ, ದಿನಾಂಕ …
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಶಾಲೆಗೆ ಭೇಟಿ ನೀಡಿದ ಸಂದರ್ಭದಲ್ಲಿ ಸೂಚಿಸಿದಂತೆ ಅಂದಾಜು ಪಟ್ಟಿಯನ್ನು ಸಿದ್ಧಪಡಿಸಿ, ಉಲ್ಲೇಖಿತ ಪತ್ರದೊಂದಿಗೆ ಸಲ್ಲಿಸಿದೆ. ಪೂರಕ ದಾಖಲೆಗಳನ್ನು ಶಾಲೆಯ ಸಹಶಿಕ್ಷಕರು ಉಪನಿರ್ದೇಶಕರ ಕಚೇರಿಗೆ ದಿನಾಂಕ … ರಂದು ಖುದ್ದಾಗಿ ಸಲ್ಲಿಸಿದ್ದಾರೆ. ಈ ಸಂಬಂಧ ಮಂಜೂರಾತಿ ಆದೇಶವು ಈವರೆಗೆ ಸ್ವೀಕೃತವಾಗಿಲ್ಲ.
>
> ಮಳೆ ಆರಂಭವಾಗಿದ್ದು, 8 ಮತ್ತು 9ನೇ ತರಗತಿಯ ಮಕ್ಕಳನ್ನು ವರಾಂಡದಲ್ಲಿ ಕೂರಿಸಿ ಪಾಠ ಮಾಡಲಾಗುತ್ತಿದೆ ಎಂಬುದನ್ನು ತಮ್ಮ ಅವಗಾಹನೆಗೆ ತಂದಿದೆ. ಅನುದಾನವನ್ನು ಶೀಘ್ರವಾಗಿ ಮಂಜೂರು ಮಾಡುವಂತೆ ಕೋರಿದೆ.
>
> ದಿನಾಂಕ 20ರಂದು ನಡೆಯುವ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ತಾವು ಆಗಮಿಸಿ ಮಾರ್ಗದರ್ಶನ ನೀಡಬೇಕೆಂದು ವಿನಂತಿಸಿದೆ.
>
> ತಮ್ಮ ವಿಶ್ವಾಸಿ,
> (ಸಹಿ)
> ಮುಖ್ಯೋಪಾಧ್ಯಾಯ

‘ಮಂಜೂರು ಮಾಡುವಂತೆ ಕೋರಿದೆ’ ಎಂಬಲ್ಲಿ ‘ದಯಮಾಡಿ’ ಸೇರಿಸಬೇಕಲ್ಲವೇ ಎಂದು ಅವರು ಕೇಳಿದರು. ‘ಕೋರಿದೆ’ಯ ಒಳಗೇ ಅದು ಇದೆ, ಬೇಡವೆಂದೆ. ‘ನೀಡಬೇಕೆಂದು’ ಎಂಬಲ್ಲಿಯ ‘ಬೇಕು’ ಒರಟಲ್ಲವೇ ಎಂಬುದು ಅವರ ಎರಡನೆಯ ಅನುಮಾನ. ‘ನೀಡಬೇಕು’ ಎಂದು ಅಲ್ಲಿಗೇ ನಿಲ್ಲಿಸಿದರೆ ಒರಟು. ‘ಎಂದು ವಿನಂತಿಸಿದೆ’ ಎಂಬುದರ ಒಳಗೆ ಸೇರಿದಾಗ ಅದು ನಮ್ಮ ಬಯಕೆಯಷ್ಟೇ ಆಗುತ್ತದೆ. ಸಭೆಗೆ ಬರುವುದು ಅವರ ಕರ್ತವ್ಯವಲ್ಲ, ನಮಗೆ ಮಾಡುವ ಅನುಕೂಲ. ಅದಕ್ಕೇ ಅಲ್ಲಿ ‘ವಿನಂತಿಸಿದೆ’, ಅನುದಾನದ ಕಡೆ ‘ಕೋರಿದೆ’.

7. ಪ್ರತಿಗಳ ಸಾಲು

ಪತ್ರವೆಲ್ಲ ಸರಿಯಾಗಿ ಬರೆದು ಅಡಿಯಲ್ಲಿ ಎಡವುವವರಿದ್ದಾರೆ. ಒಂದೇ ಪತ್ರದ ಪ್ರತಿಗಳು ಮೇಲಕ್ಕೂ ಕೆಳಕ್ಕೂ ಹೋಗಬಹುದು, ಹಾಗಾಗಿ ಪ್ರತಿ ಸಾಲಿಗೂ ಅದರದೇ ಅಂತ್ಯ ಬೇಕು. ‘ಪ್ರತಿಯನ್ನು ಕೆಳಕಂಡವರಿಗೆ ಮಾಹಿತಿಗಾಗಿ’ ಎಂದು ಒಂದೇ ತಲೆಬರಹ ಹಾಕಿ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರನ್ನೂ ಶಾಲೆಯ ದ್ವಿತೀಯ ದರ್ಜೆ ಸಹಾಯಕರನ್ನೂ ಒಂದೇ ಸಾಲಲ್ಲಿ ನಿಲ್ಲಿಸಬೇಡಿ.

> ಪ್ರತಿ:
> 1. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತಿ, ಇವರ ಅವಗಾಹನೆಗಾಗಿ ಸಲ್ಲಿಸಿದೆ.
> 2. ಅಧ್ಯಕ್ಷರು, ಎಸ್‌ಡಿಎಂಸಿ, ಇವರಿಗೆ ಮಾಹಿತಿಗಾಗಿ.
> 3. ದ್ವಿತೀಯ ದರ್ಜೆ ಸಹಾಯಕರು, ಈ ಶಾಲೆ, ಅಂದಾಜು ಪಟ್ಟಿಯ ಪ್ರತಿಯನ್ನು ಕಡತದಲ್ಲಿ ಇರಿಸಲು ಸೂಚಿಸಿದೆ.

ನೇರ ಮೇಲಧಿಕಾರಿಯಾದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಖಾಂತರವೇ ಪತ್ರ ಹೋಗುವುದರಿಂದ ಅವರಿಗೆ ಬೇರೆ ಪ್ರತಿ ಬೇಡ. ಮುಂಗಡ ಪ್ರತಿಯೊಂದನ್ನು ಉಪನಿರ್ದೇಶಕರಿಗೆ ನೇರವಾಗಿ ಕಳಿಸುವುದಾದರೆ ಅದರ ತಲೆಯ ಮೇಲೆ ‘ಮುಂಗಡ ಪ್ರತಿ’ ಎಂದು ಬರೆಯಿರಿ. ಬರೆಯದಿದ್ದರೆ ಅದನ್ನೇ ಅಸಲು ಪತ್ರವೆಂದು ಆವಕ ಶಾಖೆಯಲ್ಲಿ ದಾಖಲಿಸಿ, ಆಮೇಲೆ ಮುಖಾಂತರ ಬಂದದ್ದನ್ನು ಇನ್ನೊಂದು ನೆನಪೋಲೆ ಎಂದು ಸೇರಿಸಿಬಿಡುತ್ತಾರೆ.